12 ಕಿಲೋಹರ್ಟ್ಸ್ ಸ್ವರದ ಎರಡೂ ಪಕ್ಕ ಕಡ್ಡಿ ಬರ್ತಿವೆ, ಇದು ಜಿಟರ್ ಅಲ್ವಾ?

ಮಲೆನಾಡ_ಕೇಳುಗ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಸುಮಾರು 12 ವರ್ಷ ಹಳೆಯ ಒಂದು ಡ್ಯಾಕ್ ಇದೆ. ಟಿವಿಯ ಆಪ್ಟಿಕಲ್ ಔಟ್‌ನಿಂದ ಅದಕ್ಕೆ, ಅಲ್ಲಿಂದ ಆಂಪ್ಲಿಫೈಯರ್‌ಗೆ. ಕೆಲವು ತಿಂಗಳಿಂದ ಮೇಲಿನ ಸ್ವರಗಳು, ಅದರಲ್ಲೂ ತಾಳದ ಬಿಲ್ಲೆಗಳ ಸದ್ದು, ಸ್ವಲ್ಪ ಒರಟಾಗಿದೆ ಅನ್ನಿಸುತ್ತಿತ್ತು. ಕಿವಿಯನ್ನೇ ನಂಬೋದು ಬೇಡ ಅಂತ ಅಳೆದು ನೋಡಿದೆ.

ಪೆನ್‌ಡ್ರೈವ್‌ಗೆ 12 ಕಿಲೋಹರ್ಟ್ಸ್‌ನ ಒಂದೇ ಸ್ವರ ಹಾಕಿ ಟಿವಿಯಲ್ಲಿ ನುಡಿಸಿದೆ. ಡ್ಯಾಕ್‌ನ ಔಟ್‌ಪುಟ್ಟನ್ನು ಬೇರೊಂದು ಆಡಿಯೊ ಇಂಟರ್‌ಫೇಸ್‌ನಲ್ಲಿ ರೆಕಾರ್ಡ್ ಮಾಡಿ ಸ್ಪೆಕ್ಟ್ರಮ್ ನೋಡಿದೆ. ನಡುವೆ ದೊಡ್ಡ ಕಡ್ಡಿ ಇದೆ, ಅದು ನಾನು ಹಾಕಿದ ಸ್ವರ. ಆದರೆ ಅದರ ಎಡಕ್ಕೂ ಬಲಕ್ಕೂ ಸರಿಯಾಗಿ 100 ಹರ್ಟ್ಸ್ ದೂರದಲ್ಲಿ ಎರಡು ಸಣ್ಣ ಕಡ್ಡಿಗಳಿವೆ. ಸ್ವರಕ್ಕಿಂತ ಬಲದ್ದು 77 ಡಿಬಿ ಕೆಳಗೆ, ಎಡದ್ದು 79 ಡಿಬಿ ಕೆಳಗೆ. ಫೈಲಿನಲ್ಲಿ ಇವು ಇಲ್ಲ, ನೋಡಿದ್ದೇನೆ.

ಇದು ಜಿಟರ್ ಅಲ್ವಾ? ಹೌದಾದರೆ ಎಷ್ಟು, ಎಲ್ಲಿಂದ ಬರ್ತಿದೆ, ನನಗೆ ಕೇಳಿಸಿದ್ದು ಇದೇನಾ?

ಸ್ವರಸಾಧಕ

ಖಂಡಿತ ಜಿಟರ್. ಆಪ್ಟಿಕಲ್ ಅಂದಮೇಲೆ ಅದು ಇದ್ದದ್ದೇ. 16 ಬಿಟ್ ಸಂಗೀತ ಸರಿಯಾಗಿ ಬರಬೇಕು ಅಂದರೆ ಕ್ಲಾಕ್ 121 ಪಿಕೋಸೆಕೆಂಡ್‌ಗಿಂತ ಜಾಸ್ತಿ ಅಲುಗಬಾರದು. ಅದು ಮೀರಿದರೆ ಕಿವಿಗೆ ಗೊತ್ತಾಗುತ್ತೆ. ಒಳ್ಳೆಯ ಕೇಬಲ್ ಹಾಕಿ, ಸಾಧ್ಯವಾದರೆ ಹೊರಗಿನಿಂದ ಒಂದು ಒಳ್ಳೆಯ ಕ್ಲಾಕ್ ಕೊಡಿ.

ಹುಬ್ಬಳ್ಳಿ_ಸ್ಟುಡಿಯೊ

ನನಗೂ ಇದೇ ತೊಂದರೆ ನೋಡ್ರಿ! ನಮ್ಮ ಸಣ್ಣ ಸ್ಟುಡಿಯೊದಲ್ಲಿ ಎರಡು ಇಂಟರ್‌ಫೇಸ್ ಇವೆ. ಒಂದರಿಂದ ಇನ್ನೊಂದಕ್ಕೆ ಡಿಜಿಟಲ್ ವೈರ್ ಹಾಕಿ ಎಂಟು ಚಾನೆಲ್ ತಗೋತೀನಿ. ಸೆಕೆಂಡಿಗೊಮ್ಮೆ, ಎರಡು ಸೆಕೆಂಡಿಗೊಮ್ಮೆ 'ಟಿಕ್' ಅಂತ ಸದ್ದು ಬರ್ತದೆ. ಹಾರ್ಮೋನಿಯಂ ಶ್ರುತಿ ಹಿಡಿದಾಗ ಬಹಳ ಗೊತ್ತಾಗ್ತದೆ. ಇದಕ್ಕೂ ಜಿಟರ್ ಅಂತಾರಲ್ರಿ?

ಬೆಸುಗೆ_ಕಡ್ಡಿ (ಬೆಂಗಳೂರು)

ಕ್ಲಾಕ್ ಬೋರ್ಡುಗಳ ಜೊತೆ 20 ವರ್ಷದಿಂದ ಕೆಲಸ ಮಾಡ್ತಿದ್ದೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಹುಬ್ಬಳ್ಳಿಯವರದ್ದು, ಯಾಕಂದರೆ ಅದು ಬೇಗ ಮುಗಿಯುತ್ತೆ. ನಿಮ್ಮದು ಜಿಟರ್ ಅಲ್ಲ ಸರ್. ಎರಡು ಪೆಟ್ಟಿಗೆಗಳೂ ತಮ್ಮ ತಮ್ಮ ಕ್ರಿಸ್ಟಲ್ ಪ್ರಕಾರ ಓಡ್ತಿವೆ. ಎರಡಕ್ಕೂ ಹತ್ತು ಲಕ್ಷಕ್ಕೆ 20 ಭಾಗ ವ್ಯತ್ಯಾಸ ಇದ್ದರೂ ಸಾಕು, 48,000 ಸ್ಯಾಂಪಲ್‌ಗೆ ಹತ್ತಿರ ಹತ್ತಿರ ಒಂದು ಸ್ಯಾಂಪಲ್ ಹೆಚ್ಚುಕಮ್ಮಿ ಆಗುತ್ತೆ. ಅಂದರೆ ಸೆಕೆಂಡಿಗೆ ಒಂದು ಸ್ಯಾಂಪಲ್ ಬಿಟ್ಟುಹೋಗುತ್ತೆ ಅಥವಾ ಎರಡು ಸಲ ಬರುತ್ತೆ. ಅದೇ ನಿಮ್ಮ 'ಟಿಕ್'. ಎರಡನೆಯ ಪೆಟ್ಟಿಗೆಯ ಸೆಟ್ಟಿಂಗ್‌ನಲ್ಲಿ ಕ್ಲಾಕ್ ಸೋರ್ಸ್ 'ಇಂಟರ್ನಲ್' ಅಂತ ಇರಬಹುದು. ಅದನ್ನು 'ಎಕ್ಸ್‌ಟರ್ನಲ್' ಮಾಡಿ, ಇಲ್ಲವೇ ಆ ಡಿಜಿಟಲ್ ಇನ್‌ಪುಟ್ಟನ್ನೇ ಆರಿಸಿ. ಒಬ್ಬ ಯಜಮಾನ, ಒಬ್ಬ ಹಿಂಬಾಲಕ ಇರಬೇಕು ಅಷ್ಟೇ.

ಈಗ ಮಲೆನಾಡಿನವರ ಪ್ರಶ್ನೆ. ಜಿಟರ್ ಇದ್ದಾಗ ಡ್ಯಾಕ್‌ಗೆ ಬರುವ ಅಂಕಿಗಳು ಸರಿಯಾಗೇ ಇರುತ್ತವೆ. ಆದರೆ ಅವನ್ನು ವೋಲ್ಟೇಜ್ ಮಾಡಿ ಹೊರಗೆ ಬಿಡುವ ಹೊತ್ತು ಒಂಚೂರು ಹಿಂದೆಮುಂದೆ ಆಗುತ್ತೆ. ನೀವು ಆಗುಂಬೆ ಘಾಟಿ ಹತ್ತುವ ಬಸ್ಸನ್ನು ನಿಮಿಷಕ್ಕೊಮ್ಮೆ ನೋಡಿ ಅದು ಎಷ್ಟು ಎತ್ತರದಲ್ಲಿದೆ ಅಂತ ಬರೆದುಕೊಳ್ತೀರಿ ಅಂದುಕೊಳ್ಳಿ. ನಿಮ್ಮ ಗಡಿಯಾರ ಐದು ಸೆಕೆಂಡ್ ತಪ್ಪಿದರೆ ಎತ್ತರವೂ ತಪ್ಪುತ್ತೆ. ಅದೇ ಬಸ್ಸು ಬಯಲಿನ ರಸ್ತೆಯಲ್ಲಿದ್ದರೆ ಐದು ಸೆಕೆಂಡ್ ತಪ್ಪಿದರೂ ಎತ್ತರ ಅಷ್ಟೇ. ಹೊತ್ತಿನ ತಪ್ಪು ಎಷ್ಟು ದೊಡ್ಡ ವೋಲ್ಟೇಜ್ ತಪ್ಪಾಗುತ್ತೆ ಅನ್ನೋದು ಆ ಕ್ಷಣದಲ್ಲಿ ಅಲೆ ಎಷ್ಟು ಕಡಿದಾಗಿ ಏರುತ್ತಿದೆ ಅನ್ನೋದರ ಮೇಲೆ ನಿಂತಿದೆ.

2 ವೋಲ್ಟ್ ಕೊಡುವ ಮಾಮೂಲಿ ಡ್ಯಾಕ್ ತಗೊಳ್ಳಿ. ಪೂರ್ತಿ ಜೋರಿನ 10 ಕಿಲೋಹರ್ಟ್ಸ್ ಸ್ವರ ಅತಿ ಕಡಿದಾದ ಜಾಗದಲ್ಲಿ ಒಂದು ನ್ಯಾನೊಸೆಕೆಂಡಿಗೆ ಸುಮಾರು 178 ಮೈಕ್ರೋವೋಲ್ಟ್ ಏರುತ್ತೆ. ಅಂದರೆ ಕ್ಲಾಕ್ ಒಂದು ನ್ಯಾನೊಸೆಕೆಂಡ್ ತಪ್ಪಿದರೆ ಅಲ್ಲಿ ಅಷ್ಟು ವೋಲ್ಟೇಜ್ ತಪ್ಪು, ಸ್ವರಕ್ಕಿಂತ 84 ಡಿಬಿ ಕೆಳಗೆ. ಅದೇ ಜೋರಿನ 100 ಹರ್ಟ್ಸ್ ಸ್ವರಕ್ಕೆ ಅದೇ ತಪ್ಪಿನಿಂದ 2 ಮೈಕ್ರೋವೋಲ್ಟ್ ಕೂಡ ಬರೋಲ್ಲ. ಅದಕ್ಕೇ ಜಿಟರ್ ಹುಡುಕುವವರು ಯಾವಾಗಲೂ ಮೇಲಿನ ಸ್ವರ ಹಾಕೋದು.

ಕ್ಲಾಕ್ ಸುಮ್ನೆ ಎಲ್ಲೆಂದರಲ್ಲಿ ಅಲುಗಿದರೆ ಸ್ವರದ ಕೆಳಗೆ ಗದ್ದಲದ ಮಟ್ಟ ಏರುತ್ತೆ. ಒಂದು ಲಯದಲ್ಲಿ ಅಲುಗಿದರೆ ಸ್ವರದ ಎರಡೂ ಪಕ್ಕ ಕಡ್ಡಿ ಏಳುತ್ತೆ, ಆ ಲಯ ಎಷ್ಟೋ ಅಷ್ಟೇ ದೂರದಲ್ಲಿ. ನಿಮ್ಮದು 100 ಹರ್ಟ್ಸ್ ದೂರ. ನಮ್ಮ ಕರೆಂಟ್ 50 ಹರ್ಟ್ಸ್, ಡಯೋಡ್ ದಾಟಿದ ಮೇಲೆ ಏರಿಳಿತ 100 ಹರ್ಟ್ಸ್. ಹಾಗಾಗಿ ನನ್ನ ಅನುಮಾನ ಪವರ್ ಸಪ್ಲೈ ಮೇಲೆ.

ಆದರೆ 'ಖಂಡಿತ ಜಿಟರ್' ಅಂತ ಈಗಲೇ ಹೇಳಬಾರದು. ಸ್ವರದ ಜೋರು 100 ಹರ್ಟ್ಸ್‌ನಲ್ಲಿ ಏರಿಳಿದರೂ ಇಂಥದ್ದೇ ಕಡ್ಡಿ ಬರುತ್ತೆ. ಚಿತ್ರ ನೋಡಿ ಬೇರೆ ಮಾಡಲು ಆಗೋಲ್ಲ. ಬೇರೆ ಮಾಡುವ ದಾರಿ ಇದು: ಅದೇ ಜೋರಿನಲ್ಲಿ 6, 3, 1.5 ಕಿಲೋಹರ್ಟ್ಸ್ ಸ್ವರ ಹಾಕಿ. ಜಿಟರ್ ಆದರೆ ಸ್ವರ ಅರ್ಧಕ್ಕೆ ಇಳಿದಾಗಲೆಲ್ಲ ಕಡ್ಡಿ 6 ಡಿಬಿ ಇಳಿಯಬೇಕು. ಜೋರಿನ ಏರಿಳಿತ ಆದರೆ ಕಡ್ಡಿ ಅಲ್ಲೇ ನಿಲ್ಲುತ್ತೆ. ಜೊತೆಗೆ ಡ್ಯಾಕ್‌ಗೆ ಯುಎಸ್‌ಬಿ ಇನ್‌ಪುಟ್ ಇದ್ದರೆ, ಅದೇ ಅಡಾಪ್ಟರ್ ಇಟ್ಟುಕೊಂಡು ಅದರಲ್ಲೂ ನೋಡಿ.

ಬೆಸುಗೆ_ಕಡ್ಡಿ

ಒಂದು ಮಾತು ಬಿಟ್ಟುಹೋಯ್ತು. 121 ಪಿಕೋಸೆಕೆಂಡ್ ಲೆಕ್ಕ ತಪ್ಪಲ್ಲ, ಸ್ವರಸಾಧಕರೇ. 20 ಕಿಲೋಹರ್ಟ್ಸ್ ಸ್ವರ ಪೂರ್ತಿ ಜೋರಿನಲ್ಲಿದ್ದಾಗ ಹೊತ್ತಿನ ತಪ್ಪಿನಿಂದ 16 ಬಿಟ್‌ನ ಕೊನೆಯ ಬಿಟ್‌ನ ಅರ್ಧದಷ್ಟು ತಪ್ಪು ಬರಲು ಎಷ್ಟು ಬೇಕು ಅನ್ನೋದರ ಉತ್ತರ ಅದು. ಅದು ಕಿವಿಯ ಮಿತಿ ಅಲ್ಲ. ಸಂಗೀತದಲ್ಲಿ 20 ಕಿಲೋಹರ್ಟ್ಸ್ ಆ ಜೋರಿನಲ್ಲಿ ಬರೋದೇ ಇಲ್ಲ.

ಸ್ವರಸಾಧಕ

ಮೇಡಂ, ಲೆಕ್ಕ ಒಪ್ಪುತ್ತೇನೆ. ಆದರೆ ಒಳ್ಳೆಯ ಕ್ಲಾಕ್ ಹಾಕಿದಾಗ ಸಂಗೀತದ ನೆಲೆ ಸ್ಪಷ್ಟವಾಗೋದನ್ನು ನಾನೇ ಕೇಳಿದ್ದೇನೆ. ಕಿವಿಯ ಮಿತಿ 121 ಅಲ್ಲ ಅಂದರೆ ಮತ್ತೆ ಎಷ್ಟು?

ಮೇಷ್ಟ್ರು_1961

ನಾನು ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ಒಂದು ಸಣ್ಣ ಲೆಕ್ಕ ಮಾಡಿದೆ. ನಾವು ಕೇಳುತ್ತಿದ್ದ ಕ್ಯಾಸೆಟ್ ಡೆಕ್‌ಗಳಲ್ಲಿ ಟೇಪಿನ ವೇಗ ಸಾವಿರಕ್ಕೆ ಒಂದು ಪಾಲು ಹೆಚ್ಚುಕಮ್ಮಿ ಆಗೋದು ಸಾಮಾನ್ಯ. ಅದು ಸೆಕೆಂಡಿಗೆ 4 ಸಲ ತೂಗಿದರೆ ಹೊತ್ತಿನ ತಪ್ಪು ಸುಮಾರು 40 ಮೈಕ್ರೋಸೆಕೆಂಡ್ ಆಗುತ್ತದೆ. ಅಂದರೆ 40,000 ನ್ಯಾನೊಸೆಕೆಂಡ್! ಅದರಲ್ಲೇ ನಾವು ಎಷ್ಟೋ ವರ್ಷ ಕಚೇರಿಗಳನ್ನು ಆನಂದದಿಂದ ಕೇಳಿದೆವು. ಹಾಗಿದ್ದ ಮೇಲೆ ಒಂದೆರಡು ನ್ಯಾನೊಸೆಕೆಂಡಿಗೆ ತಲೆ ಕೆಡಿಸಿಕೊಳ್ಳುವುದು ಬೇಕೇ?

ಬೆಸುಗೆ_ಕಡ್ಡಿ

ಮೇಷ್ಟ್ರೇ, ಲೆಕ್ಕ ಸರಿ. ಆದರೆ ಅದರಿಂದ ಜಿಟರ್ ಏನೂ ಅಲ್ಲ ಅಂತ ಹೇಳಲು ಆಗೋಲ್ಲ. ಸೆಕೆಂಡಿಗೆ 4 ಸಲ ತೂಗಿದರೆ ಕಡ್ಡಿಗಳು ಸ್ವರದಿಂದ 4 ಹರ್ಟ್ಸ್ ದೂರದಲ್ಲಿ ಬೀಳುತ್ತವೆ. ಕಿವಿಗೆ ಅವು ಬೇರೆ ಸದ್ದಾಗಿ ಕೇಳೋಲ್ಲ, ಸ್ವರವೇ ಸ್ವಲ್ಪ ತೇಲಿದ ಹಾಗೆ ಇರುತ್ತೆ. ಪಿಯಾನೊ ಅಥವಾ ತಂಬೂರಿ ರೆಕಾರ್ಡಿಂಗ್‌ನಲ್ಲಿ ಆ ತೇಲಾಟ ನಿಮಗೂ ಗೊತ್ತಾಗಿರುತ್ತೆ.

ಅದೇ ತೂಗಾಟ ಸೆಕೆಂಡಿಗೆ 8,000 ಸಲ ಆದರೆ ಕಡ್ಡಿಗಳು 8 ಕಿಲೋಹರ್ಟ್ಸ್ ದೂರ ಹೋಗಿ ಬೀಳುತ್ತವೆ. 12 ಕಿಲೋಹರ್ಟ್ಸ್ ಸ್ವರಕ್ಕೆ 4ರಲ್ಲಿ ಒಂದು, 20ರಲ್ಲಿ ಒಂದು. 4 ಕಿಲೋಹರ್ಟ್ಸ್ ಅಂದರೆ ನಮ್ಮ ಕಿವಿ ಬಹಳ ಚುರುಕಾಗಿರುವ ಜಾಗ. ಅಲ್ಲಿ ಇಲ್ಲದ ಸ್ವರ ಹುಟ್ಟಿಬಿಡುತ್ತೆ. ಮೂಲ ಸ್ವರ ದೂರ ಇರೋದರಿಂದ ಅದನ್ನು ಮುಚ್ಚುವುದೂ ಇಲ್ಲ.

ಅದಕ್ಕೇ 'ಎಷ್ಟು ನ್ಯಾನೊಸೆಕೆಂಡ್' ಅನ್ನೋದು ಅರ್ಧ ಪ್ರಶ್ನೆ. 'ಎಷ್ಟು ಬೇಗ ಅಲುಗುತ್ತಿದೆ' ಅನ್ನೋದು ಇನ್ನರ್ಧ. ಎರಡನೆಯದನ್ನು ಕೇಳದೆ ಜಿಟರ್ ಕೇಳಿಸುತ್ತಾ ಅಂತ ವಾದ ಮಾಡಿದರೆ ಎಲ್ಲೂ ಮುಟ್ಟೋಲ್ಲ.

8,000 ಅನ್ನೋ ಅಂಕಿ ಸುಮ್ನೆ ಹೇಳಿದ್ದಲ್ಲ. ಹೈ ಸ್ಪೀಡ್ ಯುಎಸ್‌ಬಿಯಲ್ಲಿ ಡೇಟಾ 125 ಮೈಕ್ರೋಸೆಕೆಂಡಿಗೊಮ್ಮೆ ಬರುತ್ತೆ, ಅಂದರೆ ಸೆಕೆಂಡಿಗೆ 8,000 ಸಲ. ಹಳೆಯ ಫುಲ್ ಸ್ಪೀಡ್‌ನಲ್ಲಿ ಸಾವಿರ ಸಲ. ಕಂಪ್ಯೂಟರ್‌ನ ಈ ಬಡಿತ ಹಿಡಿದು ತನ್ನ ಕ್ಲಾಕ್ ಹೊಂದಿಸಿಕೊಳ್ಳುವ ಡ್ಯಾಕ್‌ನಲ್ಲಿ ಅದೇ ಲಯ ಸೋರಿ ಒಳಗೆ ಬರಬಹುದು. ಅಸಿಂಕ್ರೊನಸ್ ಡ್ಯಾಕ್‌ನಲ್ಲಿ ತಿರುಗಾಮುರುಗಾ. ಕ್ರಿಸ್ಟಲ್ ಡ್ಯಾಕ್ ಪಕ್ಕದಲ್ಲೇ ಇರುತ್ತೆ, 'ಇನ್ನಷ್ಟು ಕಳಿಸು, ನಿಧಾನಿಸು' ಅಂತ ಕಂಪ್ಯೂಟರ್‌ಗೇ ಡ್ಯಾಕ್ ಹೇಳುತ್ತೆ.

ಪೈಥಾನ್_ಪುಟ್ಟ

ನಾನು ಇಂಜಿನಿಯರಿಂಗ್ ಮೂರನೇ ವರ್ಷ. ಇದನ್ನು ಓದಿ ನನ್ನ ಸೌಂಡ್ ಕಾರ್ಡ್ ಔಟ್‌ಪುಟ್ಟನ್ನು ಅದರದೇ ಇನ್‌ಪುಟ್ಟಿಗೆ ವೈರ್ ಹಾಕಿ ಅಳೆದೆ. ಕಡ್ಡಿಗಳೇ ಇಲ್ಲ! ಸ್ವರದ ಬುಡ ಸೂಜಿ ಹಾಗೆ ಇದೆ. ಅಂದರೆ ನನ್ನ ಕಾರ್ಡ್‌ನಲ್ಲಿ ಜಿಟರ್ ಇಲ್ಲ ಅಂತ ಅಲ್ವಾ ಅಕ್ಕ?

ಇನ್ನೊಂದು, ಮೇಡಂ ಹೇಳಿದ 8 ಕಿಲೋಹರ್ಟ್ಸ್ ತೂಗಾಟವನ್ನು ಫೈಲಿನಲ್ಲೇ ಮಾಡಿ ಕೇಳಿದೆ. `J` ಅನ್ನೋದು ತೂಗಾಟ ಎಷ್ಟು ಅನ್ನೋದು.

```python
import numpy as np, soundfile as sf
fs = 48000
t = np.arange(fs * 10) / fs
J = 100e-9
tj = t + J * np.sin(2 * np.pi * 8000 * t)
x = 0.5 * np.sin(2 * np.pi * 12000 * tj)
sf.write("jitter.wav", x, fs, subtype="PCM_24")
```

`J = 0` ಮಾಡಿ ಇನ್ನೊಂದು ಫೈಲ್ ಮಾಡಿಕೊಳ್ಳಿ, ಹೋಲಿಸಲು. ಸದ್ದು ಕಮ್ಮಿ ಇಟ್ಟೇ ಶುರು ಮಾಡಿ, 12 ಕಿಲೋಹರ್ಟ್ಸ್ ಒಂದೇ ಸಮ ಬಂದರೆ ಕಿವಿಗೂ ಟ್ವೀಟರ್‌ಗೂ ಒಳ್ಳೆಯದಲ್ಲ. 100 ನ್ಯಾನೊಸೆಕೆಂಡಿನಲ್ಲಿ ಹಿಂದೆ ಒಂದು ಸಣ್ಣ ಸಿಳ್ಳೆ ನನಗೆ ಕೇಳಿಸ್ತು. 10 ನ್ಯಾನೊಸೆಕೆಂಡಿನಲ್ಲಿ ರಾತ್ರಿ ಫ್ಯಾನ್ ಆರಿಸಿ ಕೇಳಿದೆ, ಇದೆಯೋ ಇಲ್ಲವೋ ಅನ್ನೋ ಹಾಗಿತ್ತು. 1 ನ್ಯಾನೊಸೆಕೆಂಡಿನಲ್ಲಿ ಏನೂ ಇಲ್ಲ.

ಮೇಷ್ಟ್ರು_1961

ಪುಟ್ಟ, ನಿನ್ನ ಫೈಲನ್ನು ಹೆಡ್‌ಫೋನ್‌ನಲ್ಲಿ ಕೇಳಿದೆ. ನನಗೆ ಈಗ 12 ಕಿಲೋಹರ್ಟ್ಸ್ ಕೇಳಿಸುವುದೇ ಇಲ್ಲ, ವಯಸ್ಸು. `J = 0` ಫೈಲ್ ಹಾಕಿದಾಗ ಪೂರ್ತಿ ಮೌನ. 100 ನ್ಯಾನೊಸೆಕೆಂಡಿನ ಫೈಲ್ ಹಾಕಿದಾಗ ಮೌನದೊಳಗಿಂದ ತೆಳ್ಳಗೆ ಒಂದು ಸಿಳ್ಳೆ ಬಂತು. ಎದ್ದು ಕುಳಿತೆ! ಮೂಲ ಸ್ವರ ಕೇಳಿಸದವನಿಗೆ ಅದರ ದೋಷ ಕೇಳಿಸಿತು. ನನ್ನ ಕ್ಯಾಸೆಟ್ ವಾದವನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಲಯ ಮುಖ್ಯ ಎಂಬುದು ಈಗ ಕಿವಿಯಿಂದಲೇ ಅರ್ಥವಾಯಿತು.

ಬೆಸುಗೆ_ಕಡ್ಡಿ

ಮೇಷ್ಟ್ರೇ, ಇಷ್ಟು ಚೆನ್ನಾಗಿ ಇದನ್ನು ಹೇಳಿದವರನ್ನು ನಾನು ನೋಡಿಲ್ಲ. ಲೆಕ್ಕವೂ ಹೊಂದುತ್ತೆ. 100 ನ್ಯಾನೊಸೆಕೆಂಡಿಗೆ ಆ 4 ಕಿಲೋಹರ್ಟ್ಸ್ ಸಿಳ್ಳೆ ಮೂಲಕ್ಕಿಂತ 48 ಡಿಬಿ ಕೆಳಗೆ. ಮೂಲ ಸ್ವರ 80 ಡಿಬಿ ಜೋರಿದ್ದರೆ ಸಿಳ್ಳೆ 32 ಡಿಬಿ, ಸದ್ದಿಲ್ಲದ ಕೋಣೆಯಲ್ಲಿ ಧಾರಾಳ ಕೇಳುತ್ತೆ. 10 ನ್ಯಾನೊಸೆಕೆಂಡಿಗೆ 12 ಡಿಬಿ, ಅಂಚಿನಲ್ಲಿ. 1 ನ್ಯಾನೊಸೆಕೆಂಡಿಗೆ ಸೊನ್ನೆಗಿಂತ ಕೆಳಗೆ.

ಸ್ವರಸಾಧಕರು ಮಿತಿ ಎಷ್ಟು ಅಂತ ಕೇಳಿದ್ದರು. 1998ರಲ್ಲಿ ಬೆಂಜಮಿನ್ ಮತ್ತು ಗ್ಯಾನನ್ ಇದನ್ನೇ ಕೇಳುಗರ ಮೇಲೆ ಪರೀಕ್ಷಿಸಿದರು. ಅವರಿಗೆ ಬಂದದ್ದೂ ಇದೇ ಮಟ್ಟ: ತುಂಬ ಮೇಲಿನ ಒಂಟಿ ಸ್ವರಕ್ಕೆ 10 ನ್ಯಾನೊಸೆಕೆಂಡ್ ಆಸುಪಾಸು, ಸಂಗೀತಕ್ಕೆ ಅದಕ್ಕಿಂತ ಜಾಸ್ತಿ. 2005ರಲ್ಲಿ ಜಪಾನಿನ ಅಶಿಹಾರ ಮತ್ತು ಸಂಗಡಿಗರು ಲಯವಿಲ್ಲದ ಜಿಟರನ್ನು ಸಂಗೀತಕ್ಕೆ ಬೆರೆಸಿ ನೋಡಿದಾಗ, ಪಳಗಿದ ಕಿವಿಗಳಿಗೂ ಅದು ಗೊತ್ತಾಗಲು ಕೆಲವು ನೂರು ನ್ಯಾನೊಸೆಕೆಂಡ್ ಬೇಕಾಯ್ತು.

ಪುಟ್ಟ, ನಿನ್ನ ಅಳತೆಯಲ್ಲಿ ಒಂದು ಮೋಸ ಇದೆ. ಒಂದೇ ಕಾರ್ಡಿನಲ್ಲಿ ಸದ್ದು ಬಿಡುವುದಕ್ಕೂ ತೆಗೆದುಕೊಳ್ಳುವುದಕ್ಕೂ ಒಂದೇ ಕ್ಲಾಕ್. ಅದು ತಡವಾಗಿ ಬಿಟ್ಟರೆ ಅಷ್ಟೇ ತಡವಾಗಿ ಅಳೆಯುತ್ತೆ. ತಪ್ಪು ಗಡಿಯಾರ ಕಟ್ಟಿಕೊಂಡವನು ಅದೇ ಗಡಿಯಾರ ನೋಡಿ 'ಸರಿಯಾದ ಹೊತ್ತಿಗೆ ಬಂದೆ' ಅಂದ ಹಾಗೆ. ಅಳೆಯುವ ಪೆಟ್ಟಿಗೆಗೆ ಬೇರೆ ಕ್ರಿಸ್ಟಲ್ ಇರಲೇಬೇಕು. ಮಲೆನಾಡಿನವರು ಬೇರೆ ಇಂಟರ್‌ಫೇಸ್ ಬಳಸಿದ್ದು ಅದಕ್ಕೇ ಒಳ್ಳೆಯದಾಯ್ತು.

ಹುಬ್ಬಳ್ಳಿ_ಸ್ಟುಡಿಯೊ

ಮೇಡಂ, ಎರಡನೇ ಪೆಟ್ಟಿಗೆಯ ಕ್ಲಾಕ್ ಬದಲಿಸಿದೆ. ಅರ್ಧ ತಾಸು ಶ್ರುತಿ ಬಿಟ್ಟು ಕೇಳಿದೆ, ಒಂದು ಟಿಕ್ ಇಲ್ಲ. ಬಹಳ ಉಪಕಾರ ಆಯ್ತು. ಒಂದು ಕೇಳ್ಲಾ? ರೆಕಾರ್ಡಿಂಗ್ ಮಾಡುವಾಗ ಕ್ಲಾಕ್ ಅಲುಗಿದ್ದರೆ ಆಮೇಲೆ ಸರಿ ಮಾಡಬಹುದಾ?

ಬೆಸುಗೆ_ಕಡ್ಡಿ

ಇಲ್ಲ ಸರ್. ನುಡಿಸುವಾಗಿನ ಜಿಟರ್ ಆ ಸಲಕ್ಕೆ ಮಾತ್ರ. ಫೈಲ್ ಹಾಗೇ ಇರುತ್ತೆ, ಒಳ್ಳೆಯ ಡ್ಯಾಕ್‌ನಲ್ಲಿ ಹಾಕಿದರೆ ಸರಿಹೋಗುತ್ತೆ. ರೆಕಾರ್ಡ್ ಮಾಡುವಾಗ ಹೊತ್ತು ತಪ್ಪಿದರೆ ತಪ್ಪು ಅಂಕಿಯೇ ಬರೆದುಹೋಗಿರುತ್ತೆ. ಆಮೇಲೆ ಎಂಥ ಕ್ಲಾಕ್ ತಂದರೂ ಅದು ಹೋಗೋಲ್ಲ. ನಿಮ್ಮಂಥವರಲ್ಲಿ ಒಳ್ಳೆಯ ಕ್ರಿಸ್ಟಲ್ ಇರಬೇಕಾದದ್ದು ಮೈಕ್ ಕಡೆಯ ಪೆಟ್ಟಿಗೆಯಲ್ಲಿ. ಅದನ್ನೇ ಯಜಮಾನ ಮಾಡಿ.

ಮಲೆನಾಡ_ಕೇಳುಗ

ತಡವಾಯ್ತು, ಕ್ಷಮಿಸಿ. ಮೇಡಂ ಹೇಳಿದಂತೆ ಎಲ್ಲಾ ಅಳೆದೆ. ಆಪ್ಟಿಕಲ್‌ನಲ್ಲಿ ಬಂದದ್ದು, ಸ್ವರಕ್ಕಿಂತ ಎಷ್ಟು ಡಿಬಿ ಕೆಳಗೆ ಅಂತ:

12 ಕಿಲೋಹರ್ಟ್ಸ್: ಬಲ 77, ಎಡ 79
6 ಕಿಲೋಹರ್ಟ್ಸ್: ಬಲ 83, ಎಡ 85
3 ಕಿಲೋಹರ್ಟ್ಸ್: ಬಲ 88, ಎಡ 93
1.5 ಕಿಲೋಹರ್ಟ್ಸ್: ಬಲ 92, ಎಡ 105

ಸ್ವರ ಇಳಿದಂತೆ ಕಡ್ಡಿಗಳೂ ಇಳಿದಿವೆ. ಆದರೆ ಎಡ ಬಲ ಯಾಕೆ ಇಷ್ಟು ಬೇರೆಯಾಗ್ತಾ ಹೋಗುತ್ತೆ? ಯುಎಸ್‌ಬಿಯಲ್ಲಿ ಇನ್ನೂ ವಿಚಿತ್ರ. ನಾಲ್ಕೂ ಸ್ವರಕ್ಕೂ ಎರಡೂ ಪಕ್ಕ ಒಂದೇ, 100 ಡಿಬಿ ಕೆಳಗೆ. ಕದಲೋದೇ ಇಲ್ಲ.

ಬೆಸುಗೆ_ಕಡ್ಡಿ

ಆಹಾ, ನಿಮ್ಮ ಅಂಕಿಗಳು ತಾವೇ ಕಥೆ ಹೇಳ್ತಿವೆ.

ನಿಮ್ಮಲ್ಲಿ ಎರಡು ದೋಷ ಒಂದರ ಮೇಲೊಂದು ಕೂತಿವೆ. ಒಂದು ಜಿಟರ್, ಇನ್ನೊಂದು ಜೋರಿನ ಏರಿಳಿತ. ಜೋರು ಏರಿಳಿದಾಗ ಎರಡೂ ಪಕ್ಕದ ಕಡ್ಡಿ ಒಂದೇ ದಿಕ್ಕಿಗೆ ಏಳುತ್ತವೆ. ಹೊತ್ತು ಅಲುಗಿದಾಗ ಒಂದು ಮೇಲಕ್ಕೆ, ಒಂದು ಕೆಳಕ್ಕೆ. ಎರಡೂ ಸೇರಿದರೆ ಒಂದು ಪಕ್ಕ ಕೂಡಿಕೊಳ್ಳುತ್ತವೆ, ಇನ್ನೊಂದು ಪಕ್ಕ ಕಳೆದುಕೊಳ್ಳುತ್ತವೆ. 12 ಕಿಲೋಹರ್ಟ್ಸ್‌ನಲ್ಲಿ ಜಿಟರ್ ದೊಡ್ಡದು, ಹಾಗಾಗಿ ವ್ಯತ್ಯಾಸ ಅಷ್ಟಾಗಿ ಕಾಣೋಲ್ಲ. 1.5ಕ್ಕೆ ಇಳಿದಾಗ ಜಿಟರ್ ಭಾಗ ಸಣ್ಣದಾಗಿ ಇನ್ನೊಂದರ ಹತ್ತಿರಕ್ಕೆ ಬಂತು. ಎಡಗಡೆ ಎರಡೂ ಒಂದನ್ನೊಂದು ಹೆಚ್ಚುಕಮ್ಮಿ ಅಳಿಸಿಹಾಕಿವೆ.

ಬಿಡಿಸಿ ನೋಡಿದರೆ ಜಿಟರ್ ಭಾಗ 12 ಕಿಲೋಹರ್ಟ್ಸ್‌ನಲ್ಲಿ 78 ಡಿಬಿ ಕೆಳಗೆ. ಆಮೇಲೆ 84, 90, 96. ಸರಿಯಾಗಿ 6 ಡಿಬಿ ಮೆಟ್ಟಿಲು. ಜೋರಿನ ಭಾಗ ಎಲ್ಲದರಲ್ಲೂ 100 ಡಿಬಿ ಕೆಳಗೆ. ಯುಎಸ್‌ಬಿಯಲ್ಲಿ ನಿಮಗೆ ಕಂಡದ್ದು ಅದೊಂದೇ. ಅಲ್ಲಿ ಕ್ಲಾಕ್ ಕ್ರಿಸ್ಟಲ್‌ನಿಂದ ಬರ್ತಿದೆ, ಹೊತ್ತು ಅಲುಗ್ತಿಲ್ಲ.

ಜಿಟರ್ ಎಷ್ಟು ಅಂದರೆ:

```
J = 10^(-78/20) / (π × 12000) ≈ 3.3 ns
```

ಅಂದರೆ ಕ್ಲಾಕ್ ಸರಿಯಾದ ಹೊತ್ತಿನಿಂದ ಆಚೆಗೆ 3.3, ಈಚೆಗೆ 3.3 ನ್ಯಾನೊಸೆಕೆಂಡ್ ತೂಗ್ತಿದೆ, ಸೆಕೆಂಡಿಗೆ 100 ಸಲ.

ಆಪ್ಟಿಕಲ್‌ನಲ್ಲೇ ಯಾಕೆ ಅಂದರೆ, ಆ ದಾರಿಯಲ್ಲಿ ಕ್ಲಾಕ್‌ಗೆ ಬೇರೆ ತಂತಿ ಇಲ್ಲ. ಡೇಟಾ ಒಳಗೇ ಕ್ಲಾಕ್ ಹೆಣೆದಿರುತ್ತೆ. ರಿಸೀವರ್ ಚಿಪ್ ಒಳಗಿನ ಪಿಎಲ್‌ಎಲ್ ಅದನ್ನು ಹೆಕ್ಕಿ ತೆಗೆಯುತ್ತೆ. ಪಿಎಲ್‌ಎಲ್‌ನಲ್ಲಿರುವ ಆಸಿಲೇಟರ್‌ನ ವೇಗ ವೋಲ್ಟೇಜ್ ಮೇಲೆ ನಿಂತಿದೆ, ಅದಿರೋದೇ ಹಾಗೆ. ಅದಕ್ಕೆ ಬರುವ 5 ವೋಲ್ಟ್ ಅಲುಗಿದರೆ ವೇಗವೂ ಅಲುಗುತ್ತೆ. ಹೊರಗಿನ ಜಿಟರ್ ಒಳಗೆ ಬಿಡಬಾರದು ಅಂತ ಪಿಎಲ್‌ಎಲ್ಲನ್ನು ನಿಧಾನ ಮಾಡಿದಷ್ಟೂ ತನ್ನದೇ ಆಸಿಲೇಟರ್‌ನ ಅಲುಗಾಟ ತಿದ್ದಿಕೊಳ್ಳಲು ಅದಕ್ಕೆ ಆಗೋಲ್ಲ. ಈ ಎರಡರ ನಡುವೆ ಜಾಗ ಹುಡುಕೋದೇ ನಮ್ಮ ಕೆಲಸದ ಕಷ್ಟದ ಭಾಗ.

ಅಡಾಪ್ಟರ್ ಯಾವುದು? ಡ್ಯಾಕ್ ಓಡುತ್ತಿರುವಾಗ ಅದರ ಡಿಸಿ ಪಿನ್ನಿನಲ್ಲಿ ಮಲ್ಟಿಮೀಟರನ್ನು ಎಸಿ ರೇಂಜ್‌ಗೆ ಇಟ್ಟು ನೋಡಿ.

ಮಲೆನಾಡ_ಕೇಳುಗ

9 ವೋಲ್ಟಿನದು, ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಭಾರದ ಅಡಾಪ್ಟರ್. ಮೀಟರ್ 1.4 ವೋಲ್ಟ್ ಎಸಿ ತೋರಿಸ್ತು.

ನಾನು ಬಿಚ್ಚಲು ಹೋಗಲಿಲ್ಲ, ಕರೆಂಟಿನ ವಿಷಯ. ಬಸ್ ಸ್ಟ್ಯಾಂಡ್ ಹತ್ತಿರ ಹಳೆಯ ರೇಡಿಯೋ ರಿಪೇರಿಯವರ ಬಳಿ ಹೋದೆ. ಬಿಚ್ಚಿದ ಕೂಡಲೇ ಅವರು ಬೆರಳಿಟ್ಟು ತೋರಿಸಿದರು. ಕೆಪಾಸಿಟರ್ ತಲೆ ಉಬ್ಬಿತ್ತು, ಬುಡದಲ್ಲಿ ಕಂದು ಬಣ್ಣದ ಅಂಟು ಒಣಗಿತ್ತು. ಮೇಲೆ 2200 ಮೈಕ್ರೋಫ್ಯಾರಡ್ ಅಂತ ಬರೆದಿದೆ, ಮೀಟರ್‌ಗೆ ಹಾಕಿದರೆ 390. ಅದೇ ಅಳತೆಯ 25 ವೋಲ್ಟಿನ ಹೊಸದು ಹಾಕಿಕೊಟ್ಟರು.

ಮನೆಗೆ ಬಂದು ಮತ್ತೆ ಅಳೆದೆ. ಆಪ್ಟಿಕಲ್, 12 ಕಿಲೋಹರ್ಟ್ಸ್. 100 ಹರ್ಟ್ಸ್ ದೂರದ ಕಡ್ಡಿಗಳು ಗದ್ದಲದ ಮಟ್ಟದೊಳಗೆ ಮುಳುಗಿವೆ, 120 ಡಿಬಿಗಿಂತ ಕೆಳಗೆ. ಯುಎಸ್‌ಬಿಯಲ್ಲಿದ್ದ ಆ 100 ಡಿಬಿಯದ್ದೂ ಹೋಗಿದೆ.

ಬೆಸುಗೆ_ಕಡ್ಡಿ

ಎಷ್ಟು ಸಂತೋಷ ಆಯ್ತು ಅಂದ್ರೆ! ಆಗಿದ್ದು ಇಷ್ಟು. ಕೆಪಾಸಿಟರ್ ಒಣಗಿ ಎರಡು ಏರಿಳಿತಗಳ ನಡುವೆ ವೋಲ್ಟೇಜ್ ಹಿಡಿದಿಡಲು ಆಗದೆ ಬಹಳ ಕೆಳಗೆ ಜಾರುತ್ತಿತ್ತು. ನಿಮ್ಮ ಮೀಟರಿನ 1.4 ಅಂದರೆ ಮೇಲಿಂದ ಕೆಳಕ್ಕೆ ಹತ್ತಿರ ಹತ್ತಿರ 5 ವೋಲ್ಟ್ ಏರಿಳಿತ. ಡ್ಯಾಕ್ ಒಳಗೆ 7805 ಥರದ ರೆಗ್ಯುಲೇಟರ್ ಇದ್ದರೆ, ಅದು 5 ವೋಲ್ಟ್ ಕೊಡಲು ಒಳಗೆ ಸುಮಾರು 7 ವೋಲ್ಟ್ ಬೇಕು. ಸೆಕೆಂಡಿಗೆ 100 ಸಲ ಅದಕ್ಕಿಂತ ಕೆಳಗಿಳಿದಾಗ ರೆಗ್ಯುಲೇಟರ್ ಕೈಬಿಡುತ್ತೆ.

ಸ್ವರಸಾಧಕ

ಸರಿಹೋಯ್ತಲ್ಲ, ಖುಷಿ. ಈಗ ತಾಳದ ಸದ್ದು ಹೇಗಿದೆ ಹೇಳಿ. ಖಂಡಿತ ವ್ಯತ್ಯಾಸ ಕೇಳಿರಬೇಕು.

ಮಲೆನಾಡ_ಕೇಳುಗ

ಅದನ್ನೇ ಬರೆಯಬೇಕು ಅಂತಿದ್ದೆ. ರಿಪೇರಿಗೆ ಹೋಗುವ ಮೊದಲೇ ಒಂದು ಕಚೇರಿಯ ಎರಡು ನಿಮಿಷವನ್ನು ಡ್ಯಾಕ್ ಔಟ್‌ಪುಟ್‌ನಿಂದ 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿಟ್ಟಿದ್ದೆ. ರಿಪೇರಿ ಆದಮೇಲೆ ಅದೇ ಭಾಗ ಮತ್ತೆ ರೆಕಾರ್ಡ್ ಮಾಡಿದೆ. ಜೋರು ಸಮ ಮಾಡಿ foobar2000ನಲ್ಲಿ ಯಾವುದು ಯಾವುದು ಅಂತ ಗೊತ್ತಿಲ್ಲದೆ ಕೇಳಿದೆ. 16 ಸಲದಲ್ಲಿ 9 ಸಲ ಸರಿ ಹೇಳಿದೆ. ಮಗಳಿಗೂ ಕೊಟ್ಟೆ, ಅವಳಿಗೆ 7.

ಅಡಾಪ್ಟರ್ ಹಾಕಿದ ಮೊದಲ ಸಂಜೆ ಮಾತ್ರ ನನಗೆ ವ್ಯತ್ಯಾಸ ಇದೆ ಅಂತಲೇ ಅನ್ನಿಸಿತ್ತು.

ಬೆಸುಗೆ_ಕಡ್ಡಿ

ಊಹೆ ಅಲ್ಲ ಅನ್ನಲು 16ರಲ್ಲಿ 12 ಆದರೂ ಸರಿ ಬರಬೇಕಿತ್ತು. ಬರದೇ ಇದ್ದದ್ದು ನನಗೆ ಆಶ್ಚರ್ಯ ಅಲ್ಲ. 12 ಕಿಲೋಹರ್ಟ್ಸ್‌ನಿಂದ ಬರೀ 100 ಹರ್ಟ್ಸ್ ದೂರದಲ್ಲಿ 78 ಡಿಬಿ ಕೆಳಗಿರುವ ಕಡ್ಡಿಯನ್ನು ಆ ಸ್ವರವೇ ಮುಚ್ಚಿಬಿಡುತ್ತೆ. ನಿಮ್ಮ 3.3 ನ್ಯಾನೊಸೆಕೆಂಡ್ ಅಲುಗುತ್ತಿದ್ದದ್ದು ನಿಧಾನದ ಲಯದಲ್ಲಿ.

ಹಾಗಂತ ನಿಮಗೆ ಮೊದಲು ಕೇಳಿಸಿದ ಒರಟುತನ ಸುಳ್ಳು ಅಂತ ಹೇಳೋಲ್ಲ. ಪವರ್ ಅಷ್ಟು ಹದಗೆಟ್ಟಾಗ ಸಂಗೀತದ ಜೋರಾದ ಭಾಗದಲ್ಲಿ ಔಟ್‌ಪುಟ್ ಹಂತವೇ ವೋಲ್ಟೇಜ್ ಸಾಲದೆ ತಲೆ ಕತ್ತರಿಸಿರಬಹುದು. ಒಂಟಿ ಸ್ವರವನ್ನು ನೀವು ಯಾವ ಜೋರಿನಲ್ಲಿ ಹಾಕಿದ್ದಿರಿ?

ಮಲೆನಾಡ_ಕೇಳುಗ

ಪೂರ್ತಿಗಿಂತ 12 ಡಿಬಿ ಕೆಳಗೆ ಮೇಡಂ. ರೆಕಾರ್ಡ್ ಮಾಡಿದ ಕಚೇರಿಯೂ ಮೆಲುದನಿಯ ಆಲಾಪನೆ, ತನಿ ಆವರ್ತನ ಅಲ್ಲ. ಪೂರ್ತಿ ಜೋರಿನಲ್ಲಿ ಹಳೆಯ ಅಡಾಪ್ಟರ್ ಜೊತೆ ಅಳೆಯಲೇ ಇಲ್ಲ. ಆ ಕೆಪಾಸಿಟರ್ ರಿಪೇರಿಯವರ ಅಂಗಡಿಯಲ್ಲೇ ಉಳಿಯಿತು.

ಸ್ವರಸಾಧಕ

ಆಲಾಪನೆಯಲ್ಲಿ ತಾಳದ ಬಿಲ್ಲೆ ಎಲ್ಲಿ ಬರುತ್ತೆ? ಪರೀಕ್ಷೆ ಮತ್ತೆ ಮಾಡಬೇಕು ಅಂತ ನನ್ನ ಅಭಿಪ್ರಾಯ. 3 ನ್ಯಾನೊಸೆಕೆಂಡ್ ಕೇಳೋಲ್ಲ ಅಂತ ಒಂದು ಆಲಾಪನೆಯ ಮೇಲೆ ತೀರ್ಮಾನ ಮಾಡೋದನ್ನು ನಾನು ಒಪ್ಪೋಲ್ಲ.

ಬೆಸುಗೆ_ಕಡ್ಡಿ

ಅದು ನ್ಯಾಯವಾದ ಆಕ್ಷೇಪ. ಪುಟ್ಟ, ನಿನ್ನ ಕೋಡಿನಲ್ಲಿ 12 ಕಿಲೋಹರ್ಟ್ಸ್ ಬದಲು ಒಂದು ತನಿ ಆವರ್ತನದ ಫೈಲ್ ಹಾಕಿ, 3.3 ನ್ಯಾನೊಸೆಕೆಂಡ್, 100 ಹರ್ಟ್ಸ್ ತೂಗಾಟ ಬೆರೆಸಲು ಆಗುತ್ತಾ? ಸ್ಯಾಂಪಲ್‌ಗಳ ನಡುವಿನ ಬೆಲೆ ಬೇಕಾಗುತ್ತೆ. ಸುಮ್ನೆ ನೇರ ಗೆರೆ ಎಳೆದು ತೆಗೆದುಕೊಂಡರೆ ಮೇಲಿನ ಸ್ವರಗಳಲ್ಲಿ ಆ ತಪ್ಪೇ ಹತ್ತಿರ ಹತ್ತಿರ ಜಿಟರ್‌ನಷ್ಟು ಆಗುತ್ತೆ. ಮೊದಲು ಎಂಟು ಪಟ್ಟು ಅಪ್‌ಸ್ಯಾಂಪಲ್ ಮಾಡಿಕೊಂಡು, ಆಮೇಲೆ ಕ್ಯೂಬಿಕ್ ಹಾಕು. ಅದೇ ದಾರಿಯಲ್ಲಿ ತೂಗಾಟ ಸೊನ್ನೆ ಇಟ್ಟ ಫೈಲನ್ನೂ ಮಾಡು, ಅದರ ಜೊತೆ ಹೋಲಿಸಬೇಕು.

ಪೈಥಾನ್_ಪುಟ್ಟ

ಆಗುತ್ತೆ ಅಕ್ಕ. ಈ ಭಾನುವಾರ ಮಾಡ್ತೀನಿ. 100 ಹರ್ಟ್ಸ್‌ದೊಂದು, 8 ಕಿಲೋಹರ್ಟ್ಸ್‌ದೊಂದು, ಸೊನ್ನೆಯದೊಂದು. ಯಾವುದು ಯಾವುದು ಅಂತ ಹೇಳದೆ ಇಲ್ಲೇ ಹಾಕ್ತೀನಿ. ಮೇಷ್ಟ್ರೇ, ಸ್ವರಸಾಧಕ ಸರ್, ನೀವಿಬ್ಬರೂ ಕೇಳಿ ಹೇಳಬೇಕು.